ಛತ್ರದ ಅಂಗಳದಲ್ಲಿ ಹನ್ನೆರಡೇ ಕಾರು: ಉಳಿದವನ್ನು ಎಲ್ಲಿ, ಹೇಗೆ ನಿಲ್ಲಿಸುವುದು?

ಮದುವೆಗೆ ಛತ್ರ ನೋಡಲು ಹೋದವರು ಊಟದ ಮನೆ, ಕೋಣೆ, ನೀರು, ಜನರೇಟರ್ ಎಲ್ಲವನ್ನೂ ವಿಚಾರಿಸುತ್ತಾರೆ. ಪಾರ್ಕಿಂಗ್ ಬಗ್ಗೆ ಮಾತ್ರ ಮ್ಯಾನೇಜರ್ ಹೇಳಿದ 'ನಲವತ್ತು ಕಾರು ಆರಾಮಾಗಿ ನಿಲ್ಲುತ್ತವೆ ಸಾರ್' ಎಂಬ ಮಾತಿಗೆ ತಲೆಯಾಡಿಸಿ ಬರುತ್ತಾರೆ. ಮುಂಗಡ ಕೊಡುವ ಮೊದಲು ಒಂದು ಟೇಪು ಹಿಡಿದು ಅಂಗಳ ಅಳೆದರೆ ಆ ನಲವತ್ತು ಎಲ್ಲಿಂದ ಬಂತು ಎಂಬುದು ತಿಳಿಯುತ್ತದೆ.

ಒಂದು ಲೆಕ್ಕ ಹಿಡಿಯೋಣ. ಸಂಜೆ ಏಳರಿಂದ ಹತ್ತರವರೆಗೆ ಆರತಕ್ಷತೆ, ಎಂಟುನೂರು ಜನ. ಅದರಲ್ಲಿ ಮುನ್ನೂರು ಮಂದಿ ಕಾರಿನಲ್ಲಿ ಬಂದರೂ, ಕಾರಿಗೆ ಮೂವರಂತೆ ನೂರು ಕಾರು. ರಸ್ತೆಗೆ ತಾಗಿದ ಅಂಗಳ 32 ಮೀಟರ್ ಉದ್ದ, 16 ಮೀಟರ್ ಅಗಲ.

ಮೊದಲು ಅಳತೆ

ಒಂದು ಕಾರಿಗೆ ಎರಡೂವರೆ ಮೀಟರ್ ಅಗಲ, ಐದು ಮೀಟರ್ ಉದ್ದ ಬೇಕು. ಅಂಗಳದ ವಿಸ್ತೀರ್ಣವನ್ನು ಇದರಿಂದ ಭಾಗಿಸಿದರೆ ನಲವತ್ತು ಬರುತ್ತದೆ. ಮ್ಯಾನೇಜರ್ ಲೆಕ್ಕ ಇದೇ. ಆದರೆ ಒಳಗೆ ಬಂದ ಕಾರು ತಿರುಗಬೇಕು. ನೇರಕ್ಕೆ ನಿಂತ ಎರಡು ಸಾಲುಗಳ ನಡುವೆ ಆರು ಮೀಟರ್ ದಾರಿ ಬಿಟ್ಟರೆ ಹದಿನಾರು ಮೀಟರ್ ಅಗಲ ಅಲ್ಲಿಗೇ ಮುಗಿಯಿತು. ಸಾಲಿಗೆ ಹನ್ನೆರಡರಂತೆ ಇಪ್ಪತ್ನಾಲ್ಕು ಕಾರು. ರಸ್ತೆಯ ಬದಿಯ ಸಾಲಿನಲ್ಲಿ ಒಳಬರುವ ಗೇಟು, ಹೊರಹೋಗುವ ಗೇಟು ಎರಡೂ ಸೇರಿ ನಾಲ್ಕು ಕಾರಿನ ಜಾಗ ನುಂಗುತ್ತವೆ. ಉಳಿದದ್ದು ಇಪ್ಪತ್ತು.

ಜಾಗಕ್ಕಿಂತ ಮೊದಲು ತುಂಬುವುದು ಬಾಗಿಲು

ಇಪ್ಪತ್ತರಲ್ಲೂ ಎಂಟನ್ನು ಬಿಟ್ಟುಕೊಡಿ ಎಂದರೆ ಹೊಟ್ಟೆ ಉರಿಯಬಹುದು. ಕಾರಣ ಇದು. ಆರತಕ್ಷತೆಗೆ ಬರುವವರಲ್ಲಿ ಅರ್ಧದಷ್ಟು ಜನ ಏಳೂಕಾಲರಿಂದ ಏಳೂಮುಕ್ಕಾಲರ ನಡುವೆ ಬರುತ್ತಾರೆ ಎಂದುಕೊಳ್ಳಿ: ಅರ್ಧ ಗಂಟೆಗೆ ಐವತ್ತು ಕಾರು, ಅಂದರೆ ಮೂವತ್ತಾರು ಸೆಕೆಂಡಿಗೊಂದು. ಈಗ ಒಂದು ಕಾರು ಬಾಗಿಲ ಮುಂದೆ ನಿಂತಾಗ ಆಗುವುದನ್ನು ಗಮನಿಸಿ. ಹಿಂದಿನ ಸೀಟಿನಿಂದ ಅಜ್ಜಿ ಇಳಿಯಬೇಕು. ರೇಷ್ಮೆ ಸೀರೆಯ ಸೆರಗು ಬಾಗಿಲಿಗೆ ಸಿಗದಂತೆ ನೋಡಿಕೊಳ್ಳಬೇಕು. ಉಡುಗೊರೆಯ ಪೆಟ್ಟಿಗೆ ಡಿಕ್ಕಿಯಲ್ಲಿದೆ, ಮಗುವಿನ ಒಂದು ಚಪ್ಪಲಿ ಸೀಟಿನ ಅಡಿಗೆ ಹೋಗಿದೆ. ಒಂದು ನಿಮಿಷಕ್ಕೆ ಕಡಿಮೆ ಆಗುವುದೇ ಇಲ್ಲ, ಒಂದೂವರೆಯೂ ಆಗುತ್ತದೆ. ಒಂದೇ ಕಡೆ ಇಳಿಸಿದರೆ ಅರ್ಧ ಗಂಟೆಯಲ್ಲಿ ಇಪ್ಪತ್ತು ಕಾರು ಮಾತ್ರ ಮುಂದೆ ಹೋಗುತ್ತವೆ. ಮಿಕ್ಕ ಮೂವತ್ತು, ಕಾರಿಗೆ ಏಳು ಮೀಟರಿನಂತೆ, ಇನ್ನೂರು ಮೀಟರಿಗೂ ಮೀರಿ ರಸ್ತೆಯಲ್ಲಿ ಸಾಲುಗಟ್ಟುತ್ತವೆ. ಅಂಗಳದಲ್ಲಿ ಎಷ್ಟೇ ಜಾಗ ಖಾಲಿಯಿದ್ದರೂ ಅದು ಆಗ ಉಪಯೋಗಕ್ಕೆ ಬಾರದು.

ಆದ್ದರಿಂದ ಛತ್ರದ ಬಾಗಿಲಿನ ಬದಿಯ ಸಾಲಿನಲ್ಲಿ ಇಪ್ಪತ್ತು ಮೀಟರ್ ಖಾಲಿ ಇಡಿ. ಮೂರು ಕಾರು ಒಂದರ ಹಿಂದೊಂದು ಅಲ್ಲಿ ನಿಂತು ಜನರನ್ನು ಇಳಿಸಲಿ. ನಡುವಿನ ಆರು ಮೀಟರ್ ದಾರಿ ತೆರವಾಗಿರುವುದರಿಂದ ಇಳಿಸಿದವರು ಮುಂದಿನವರಿಗೆ ಕಾಯದೆ ಹೊರಡಬಹುದು. ಅರ್ಧ ಗಂಟೆಗೆ ಅರವತ್ತು ಕಾರು ಸಾಗುತ್ತವೆ, ನಿಮಗೆ ಬೇಕಾದದ್ದು ಐವತ್ತು. ನಿಲ್ಲಿಸಲು ಉಳಿದದ್ದು ಹನ್ನೆರಡು.

ಯಾವ ಗೇಟು ಒಳಕ್ಕೆ, ಯಾವುದು ಹೊರಕ್ಕೆ

ಛತ್ರದ ಬದಿಯ ಪಥದಲ್ಲಿ ವಾಹನ ಬರುವಾಗ ಮೊದಲು ಸಿಗುವ ಗೇಟು ಒಳಕ್ಕೆ, ನಂತರದ್ದು ಹೊರಕ್ಕೆ. ಎಡಕ್ಕೆ ತಿರುಗಿ ಒಳಗೆ, ಎಡಕ್ಕೆ ತಿರುಗಿ ಹೊರಗೆ. ಎದುರು ಪಥದಿಂದ ಬಲಕ್ಕೆ ತಿರುಗಲು ಬಿಟ್ಟರೆ ಒಂದು ಕಾರು ಎರಡೂ ಕಡೆಯ ಸಂಚಾರವನ್ನು ತಡೆಯುತ್ತದೆ. ಆ ಕಡೆಯಿಂದ ಬರುವವರು ಮುಂದಿನ ವೃತ್ತದವರೆಗೆ ಹೋಗಿ ತಿರುಗಿ ಬರಲಿ. ಒಂದು ವಾರ ಮೊದಲೇ ಸಂಚಾರ ಠಾಣೆಗೆ ದಿನಾಂಕ, ಸಮಯ, ಅಂದಾಜು ವಾಹನಗಳ ಸಂಖ್ಯೆ ಬರೆದು ಅರ್ಜಿ ಕೊಡಿ. ರಸ್ತೆಯಲ್ಲಿ ಕೋನ್ ಇಡುವುದು, ವಾಹನ ತಡೆಯುವುದು ನಿಮ್ಮ ಅಧಿಕಾರವಲ್ಲ.

ಹನ್ನೆರಡು ಪಾಸು ಯಾರಿಗೆ

ಕಾಯ್ದಿರಿಸುವ ಕೆಲಸ ಸಂಬಂಧ ಕೆಡಿಸುವ ಕೆಲಸವೂ ಹೌದು. ಬೀಗರಿಗೆ ಮೂರು, ನಮಗೆ ನಾಲ್ಕು ಎಂದು ಹಂಚಲು ಹೊರಟರೆ ಮುಗಿಯುವುದಿಲ್ಲ. ಮರ್ಯಾದೆಯ ಲೆಕ್ಕ ಬಿಟ್ಟು ನಡೆಯಲಾಗದವರ ಲೆಕ್ಕ ಹಿಡಿಯಿರಿ. ವಧೂವರರ ಕಾರಿಗೆ ಒಂದು, ವಾದ್ಯದವರಿಗೂ ಫೋಟೊದವರಿಗೂ ಸೇರಿ ಎರಡು, ಗಾಲಿಕುರ್ಚಿ ಅಥವಾ ಊರುಗೋಲು ಬೇಕಾದವರಿಗೆ ಏಳು. ಉಳಿದ ಎರಡನ್ನು ಯಾರಿಗೂ ಕೊಡಬೇಡಿ. ತುರ್ತಿಗೆ, ಇಲ್ಲವೇ ಪಾಸಿಲ್ಲದೆ ಬಂದ ವೃದ್ಧರಿಗೆ ಅವು ಬೇಕಾಗುತ್ತವೆ.

ಪಾಸಿನ ಚಿತ್ರವನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದರೆ ಸಂಜೆಯೊಳಗೆ ಅದು ಇಡೀ ಬಳಗದ ಮೊಬೈಲಿನಲ್ಲಿರುತ್ತದೆ. ಗಾಢ ಬಣ್ಣದ ರಟ್ಟಿನ ಪಾಸು ಮಾಡಿಸಿ, ಮೇಲೆ ಆ ಕಾರಿನ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆಯಿರಿ. ಗೇಟಿನವನು ಗಾಜಿನ ಹಿಂದಿನ ಬಣ್ಣ ನೋಡಿ ಐದು ಸೆಕೆಂಡಿನಲ್ಲಿ ಕೈ ತೋರಿಸಬೇಕು. ಹೆಸರು ಕೇಳಿ ಪಟ್ಟಿಯಲ್ಲಿ ಹುಡುಕುತ್ತ ಕೂತರೆ ಪ್ರತಿ ಕಾರಿಗೂ ಒಂದು ನಿಮಿಷ ಹೋಗುತ್ತದೆ, ಆಗ ಮೂರು ಕಡೆ ಇಳಿಸುವ ಏರ್ಪಾಡು ವ್ಯರ್ಥ. ಸ್ಥಳಕ್ಕೆ ಒಂದು, ಎರಡು ಎಂದು ನಂಬರ್ ಕೊಡಲೂ ಹೋಗಬೇಡಿ. ನಾಲ್ಕರಲ್ಲಿ ಐದರವನು ನಿಂತರೆ ಅಲ್ಲಿಂದಾಚೆಯ ಎಲ್ಲರದೂ ಜಗಳ. ಎಂಟು ಗಂಟೆಯವರೆಗೆ ಮಾತ್ರ ಜಾಗ ಕಾಯ್ದಿರಿಸಲಾಗುವುದು ಎಂದು ಪಾಸಿನಲ್ಲೇ ಅಚ್ಚು ಹಾಕಿಸಿ. ಆಮೇಲೆ ಖಾಲಿ ಇದ್ದದ್ದು ಬಂದವರಿಗೆ.

ಉಳಿದ ಕಾರುಗಳು

ಹತ್ತಿರದ ಶಾಲೆಯ ಮೈದಾನ ಅನುಮತಿ ಪಡೆದು ಹಿಡಿಯುವುದು ಸಾಮಾನ್ಯ. ಅರವತ್ತು ಮೀಟರ್ ಉದ್ದ, ಐವತ್ತು ಮೀಟರ್ ಅಗಲದ ಮೈದಾನದಲ್ಲಿ ಆರು ಸಾಲು ಬರುತ್ತವೆ, ಗೇಟಿಗೂ ಅಡ್ಡದಾರಿಗೂ ಜಾಗ ಬಿಟ್ಟರೂ ನೂರು ಕಾರು. ಆದರೆ ಗೆರೆ ಇರಬೇಕು. ಗೆರೆಯಿಲ್ಲದ ಬಯಲಿನಲ್ಲಿ ಪ್ರತಿಯೊಬ್ಬರೂ ಬಾಗಿಲು ತೆರೆಯಲು ಉದಾರವಾಗಿ ಜಾಗ ಬಿಟ್ಟು ನಿಲ್ಲಿಸುತ್ತಾರೆ. ಹಿಂದಿನ ದಿನ ಸುಣ್ಣದ ಪುಡಿಯಲ್ಲಿ ಗೆರೆ ಎಳೆಸಿ, ದೂರದ ಮೂಲೆಯಿಂದ ತುಂಬಿಸುತ್ತ ಬನ್ನಿ. ಎರೆಮಣ್ಣಿನ ಮೈದಾನವಾದರೆ ಒಂದು ಮಳೆ ಸಾಕು, ಚಕ್ರ ಹೂತುಹೋಗುತ್ತದೆ. ಮಳೆಗಾಲದ ಮದುವೆಗೆ ಜಲ್ಲಿ ಅಥವಾ ಗಟ್ಟಿ ನೆಲದ ಇನ್ನೊಂದು ಜಾಗ ನೋಡಿಕೊಂಡಿರಿ.

ಇದೆಲ್ಲಕ್ಕಿಂತ ಹೆಚ್ಚು ಕೆಲಸ ಮಾಡುವುದು ಆಮಂತ್ರಣದ ಜೊತೆ ಕಳುಹಿಸುವ ನಕ್ಷೆಯ ಕೊಂಡಿ. ಎಲ್ಲರೂ ಛತ್ರದ್ದೊಂದನ್ನೇ ಕಳುಹಿಸುತ್ತಾರೆ. ಮೈದಾನದ ಗೇಟಿನದನ್ನೂ ಕಳುಹಿಸಿ, 'ಮನೆಯವರನ್ನು ಛತ್ರದಲ್ಲಿ ಇಳಿಸಿ, ಕಾರು ಇಲ್ಲಿಗೆ ತನ್ನಿ' ಎಂದು ಬರೆಯಿರಿ.

ಕೆಡುತ್ತಿದೆ ಎಂದು ತಿಳಿಯುವುದು ಹೇಗೆ

ಮೊದಲ ಲಕ್ಷಣ, ಗೇಟಿನವನು ಗೇಟು ಬಿಟ್ಟು ಯಾರಿಗೋ ರಿವರ್ಸ್ ಹೇಳಿಕೊಡುತ್ತಿರುವುದು. ಆ ಕೆಲಸಕ್ಕೆ ಬೇರೆಯವನಿರಬೇಕು. ಎರಡನೆಯದು, ನಡುದಾರಿಯಲ್ಲಿ ಇಂಡಿಕೇಟರ್ ಹಾಕಿ 'ಎರಡೇ ನಿಮಿಷ' ಎಂದು ನಿಂತ ಕಾರು. ಅದರೊಳಗೆ ಎಷ್ಟೇ ದೊಡ್ಡವರಿದ್ದರೂ ಎಬ್ಬಿಸುವ ಧೈರ್ಯ ಬೇಕು. ಸೆಕ್ಯುರಿಟಿಯವನಿಗೆ ಅದಿರುವುದಿಲ್ಲ, ಮನೆಯ ಸೋದರಮಾವನೊಬ್ಬನನ್ನು ಅಲ್ಲಿ ನಿಲ್ಲಿಸಿ.

ಆರತಕ್ಷತೆಯ ಜನ ಒಂದೂವರೆ ಗಂಟೆ ಇದ್ದು ಹೋಗುವುದರಿಂದ ಜಾಗ ಮಧ್ಯೆ ಮಧ್ಯೆ ಖಾಲಿಯಾಗುತ್ತದೆ. ಮರುದಿನದ ಮುಹೂರ್ತಕ್ಕೆ ಈ ಅನುಕೂಲವಿಲ್ಲ. ಧಾರೆಗೆ ಬಂದವರು ಊಟ ಮುಗಿಸಿಯೇ ಏಳುವವರು, ಮತ್ತು ಎಲ್ಲರೂ ಒಟ್ಟಿಗೇ ಏಳುತ್ತಾರೆ. ಆದ್ದರಿಂದ ಬೆಳಿಗ್ಗೆ ಮೈದಾನದಲ್ಲಿ ಕಾರುಗಳನ್ನು ಹಿಂದಕ್ಕೆ ತಂದು, ಮೂತಿ ದಾರಿಯ ಕಡೆಗಿರುವಂತೆ ನಿಲ್ಲಿಸಲು ಹೇಳಿ. ನಿಲ್ಲಿಸುವಾಗ ತುಸು ತಡವಾದರೂ ಮಧ್ಯಾಹ್ನ ಹೊರಡುವಾಗ ಬೇಗ ಬಿಡುತ್ತದೆ. ಛತ್ರದ ಅಂಗಳದಲ್ಲಿ ಮಾತ್ರ ಇದನ್ನು ಹೇಳಬೇಡಿ, ಅಲ್ಲಿ ಹಿಂದಕ್ಕೆ ಬರುವ ಒಂದು ಕಾರು ಇಳಿಸುವ ಸಾಲನ್ನೇ ನಿಲ್ಲಿಸಿಬಿಡುತ್ತದೆ.