ಕಾಫಿ ಕುಯ್ಲು, ತೂಕದ ಮುಳ್ಳು ಮತ್ತು 60 ಸೆಕೆಂಡ್ ಟೈಟಲ್: ನನ್ನ ಅನುಭವ

ನಮ್ಮ ವೆಬ್ ಸೀರೀಸ್ ಕಥೆ ಕೊಡಗಿನ ಸಿದ್ದಾಪುರ ಕಡೆಯ ಒಂದು ರೊಬಸ್ಟಾ ತೋಟದ್ದು. ಕುಯ್ಲಿನ ಟೈಮಲ್ಲಿ ಕೆಲಸದವ್ರಿಗೆ ಕೆಜಿ ಲೆಕ್ಕದಲ್ಲಿ ದುಡ್ಡು, ಸಂಜೆ ತೂಕ ಹಾಕುವಾಗ ತೋಟದ ಲೆಕ್ಕ ಬರೆಯೋ ರೈಟರ್ ಪ್ರತಿ ಚೀಲಕ್ಕೂ 2 ಕೆಜಿ ಕಮ್ಮಿ ಬರೀತಾನೆ, ಲೈನ್ ಮನೆಯ ಒಬ್ಬ ಹೆಂಗಸು ಅದನ್ನ ಕಂಡುಹಿಡೀತಾಳೆ. ಇಷ್ಟೇ ಕಥೆ, 6 ಎಪಿಸೋಡ್. ಪ್ರತಿ ಎಪಿಸೋಡ್ ಶುರುವಲ್ಲಿ ಚಿತ್ರದ ಮೇಲೆ ಎಲ್ಲರ ಹೆಸರು ಬರೋ ಟೈಟಲ್ ಭಾಗಕ್ಕೆ ಸ್ಕ್ರಿಪ್ಟ್ ಬರೆಯೋ ಕೆಲಸ ನನಗೆ ಬಂತು.

ಮೊದಲನೇ ಡ್ರಾಫ್ಟಲ್ಲಿ ಮಂಜು, ರಾಜಾಸೀಟ್ ಸೂರ್ಯಾಸ್ತ, ಅಬ್ಬಿ ಜಲಪಾತ, ಬಿಳೀ ಕಾಫಿ ಹೂವು ಎಲ್ಲ ಹಾಕಿದ್ದೆ. ಡೈರೆಕ್ಟರ್ ಓದಿ "ಮಾರಾಯ, ಇದು ರೆಸಾರ್ಟ್ ಜಾಹೀರಾತು ಆಯ್ತಲ್ಲ, ನಮ್ಮ ಕಥೆ ಎಲ್ಲಿ?" ಅಂದ್ರು. ಸರಿಯಾಗೇ ಹೇಳಿದ್ರು. ಹೂವಂತೂ ಪೂರ್ತಿ ತಪ್ಪು, ಯಾಕಂದ್ರೆ ಕುಯ್ಲು ಮುಗಿದು ಹೂಮಳೆ ಬಿದ್ದು ಒಂದು ವಾರ ಹತ್ತು ದಿನ ಆದ್ಮೇಲೆ ಹೂ ಬರೋದು, ನಮ್ಮ ಕಥೆ ನಡಿಯೋದು ಹಣ್ಣು ಕುಯ್ಯೋ ದಿನಗಳಲ್ಲಿ. ತೋಟದವ್ರು ನೋಡಿದ್ರೆ ಮೊದಲ ನಿಮಿಷದಲ್ಲೇ ಇವ್ರಿಗೆ ಏನೂ ಗೊತ್ತಿಲ್ಲ ಅಂತ ಎದ್ದು ಹೋಗ್ತಾರೆ. ಬಿಳೀ ಹೂವಿನ ಮೇಲೆ ಬಿಳೀ ಅಕ್ಷರ ಕಾಣೋದೂ ಇಲ್ಲ.

ಹಾಗಾಗಿ ಎರಡನೇ ಸಲ ಕಥೆಯಿಂದಲೇ ಶುರು ಮಾಡ್ದೆ. ಒಂದು ಚೀಲ ಕಾಫಿ ಗಿಡದಿಂದ ತಕ್ಕಡಿವರೆಗೆ ಹೋಗೋ ದಾರಿ, ಅದೇ ಟೈಟಲ್. ಗಿಡದ ಬುಡಕ್ಕೆ ಹಾಸಿದ ಟಾರ್ಪಾಲ್ ಮೇಲೆ ಹಣ್ಣು ಉದುರೋದು, ಕಲೆ ಹಿಡಿದ ಬೆರಳು, ಚೀಲದ ಬಾಯಿ ಹೊಲಿಯೋದು, ಕೊಕ್ಕೆಗೆ ಚೀಲ ತೂಗೋದು, ಕೊನೆಗೆ ಮುಳ್ಳು. ಪುಟನ ಎರಡು ಭಾಗ ಮಾಡಿ ಎಡಗಡೆ ಚಿತ್ರ, ಬಲಗಡೆ ಹೆಸರು ಬರೆದೆ, ಜೊತೆಗೆ ಫ್ರೇಮಲ್ಲಿ ಹೆಸರು ಎಲ್ಲಿ ಕೂರುತ್ತೆ ಅಂತಾನೂ. ಇದನ್ನ ಬರೀಲಿಲ್ಲ ಅಂದ್ರೆ ಕ್ಯಾಮೆರಾದವ್ರು ಫ್ರೇಮ್ ತುಂಬ ಚೀಲ ಇಟ್ಬಿಡ್ತಾರೆ, ಅಕ್ಷರಕ್ಕೆ ಜಾಗ ಇರಲ್ಲ.

ಯಾವ ಹೆಸರಿಗೆ ಯಾವ ಚಿತ್ರ ಅನ್ನೋದರಲ್ಲೇ ಜಾಸ್ತಿ ದಿನ ಹೋಯ್ತು. ರೈಟರ್ ಪೆನ್ಸಿಲ್ ಕಾಣೋ ಶಾಟ್ ಮೇಲೆ ಕಥೆ ಬರೆದವ್ರ ಹೆಸರು ಹಾಕೋಣ ಅಂತ ಮೊದಲು ಅನ್ಸುತ್ತೆ, ಆದ್ರೆ ಆ ಪೆನ್ಸಿಲ್ ಕಳ್ಳ ಲೆಕ್ಕದ್ದು. ಅದನ್ನ ರೈಟರ್ ಪಾತ್ರ ಮಾಡಿದವ್ರಿಗೆ ಕೊಟ್ಟೆ. ನಾಯಕಿ ಹೆಸರು ಬೆರಳಿನ ಮೇಲೆ, ಆಕೆಯ ಮುಖ ತೋರ್ಸಲ್ಲ. ಕಥೆ ಬರೆದವ್ರಿಗೆ ಸಂಜೆ ಖಾಲಿಯಾದ ಕಣ, ಅಲ್ಲಿ ಅಕ್ಷರಕ್ಕೆ ಬೇಕಾದಷ್ಟು ಜಾಗ. ಕೆಲಸದ ಹೆಸರಿಗೆ ಚಿತ್ರ ಹೊಂದಿಸೋಕಿಂತ ಪಾತ್ರಕ್ಕೆ ಹೊಂದಿಸೋದೇ ಸರಿ ಅನ್ನೋದು ನನ್ನ ಅಭಿಪ್ರಾಯ, ಛಾಯಾಗ್ರಾಹಕರ ಹೆಸರಿಗೆ ಕಣ್ಣು ತೋರ್ಸಿದ್ರೆ ಕಥೆಗೆ ಏನೂ ಸಿಗಲ್ಲ.

ಆಮೇಲೆ ಟೈಮ್ ಲೆಕ್ಕ. 60 ಸೆಕೆಂಡಲ್ಲಿ ಶುರುಗೆ 3 ಖಾಲಿ, ಕೊನೆಗೆ ಸೀರೀಸ್ ಹೆಸರಿಗೆ 5, ಉಳಿದಿದ್ದು 52. ನಮ್ಮ ಹತ್ರ 20 ಹೆಸರಿತ್ತು, ಒಂದೊಂದಕ್ಕೆ 2.6 ಸೆಕೆಂಡ್, ಅದರಲ್ಲಿ ಅಕ್ಷರ ಮೂಡೋಕೆ ಅರ್ಧ ಸೆಕೆಂಡ್, ಮಾಯ ಆಗೋಕೆ ಅರ್ಧ ಸೆಕೆಂಡ್ ಹೋದ್ರೆ ಓದೋಕೆ 1.6 ಮಾತ್ರ. ಪಕ್ಕದ್ಮನೆ ಅಕ್ಕನಿಗೆ ಫೋನಲ್ಲಿ ತೋರ್ಸಿ ಜೋರಾಗಿ ಓದಿ ಅಂದೆ, ಮೂರನೇ ಹೆಸರಿಗೇ ಹಿಂದೆ ಬಿದ್ರು. ಸಣ್ಣ ಪಾತ್ರಗಳ ಹೆಸರನ್ನ ಒಟ್ಟಿಗೆ ಸೇರಿಸಿ 13 ಕಾರ್ಡಿಗೆ ಇಳಿಸಿದೆ, ಆಗ ಒಂದೊಂದಕ್ಕೆ 4 ಸೆಕೆಂಡ್ ಸಿಕ್ತು. ಸೇರಿಸಿದ ಕಾರ್ಡಲ್ಲಿ ಮೂರಕ್ಕಿಂತ ಜಾಸ್ತಿ ಹೆಸರು ಇಡ್ಲಿಲ್ಲ. ಇನ್ನೊಂದು ತೊಂದ್ರೆನೂ ಆ ಫೋನಲ್ಲೇ ಗೊತ್ತಾಯ್ತು: ಮೇಲೆ "ಛಾಯಾಗ್ರಹಣ" ಅಂತ ಸಣ್ಣದಾಗಿ, ಕೆಳಗೆ ಹೆಸರು ಇಟ್ರೆ, ಗ್ರ ದ ಒತ್ತು ಬಂದು ಕೆಳಗಿನ ಹೆಸರಿನ ತಲೆಕಟ್ಟಿಗೆ ತಾಗ್ತಿತ್ತು. ಇಂಗ್ಲಿಷ್ ಅಕ್ಷರಕ್ಕೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಕಾಗಲ್ಲ, ಬಿಡಿಸಿ ಇಡಲೇಬೇಕು.

ಕೊನೆಯ ಸಾಲುಗಳು ಸ್ಕ್ರಿಪ್ಟಲ್ಲಿ ಹೀಗಿದ್ವು:

ಚಿತ್ರ: ಚೀಲ ಕೊಕ್ಕೆಗೆ ಬೀಳುತ್ತೆ, ಮುಳ್ಳು ಅಲುಗಾಡುತ್ತೆ, ನಿಲ್ಲೋ ಮುಂಚೆ ಕಟ್. ಹೆಸರು: ನಿರ್ದೇಶನ, ಬಲಕ್ಕೆ.
ಚಿತ್ರ: ಲೆಕ್ಕದ ಪುಸ್ತಕಕ್ಕೆ ಪೆನ್ಸಿಲ್ ತಾಗುತ್ತೆ, ಅಂಕಿ ಕಾಣಬಾರದು. ಮೇಲೆ ಸೀರೀಸ್ ಹೆಸರು.

ಪೆನ್ಸಿಲ್ ಎರಡು ಸಲ ಬರುತ್ತೆ, ಮೊದಲು ಕಿವಿ ಮೇಲೆ, ಅಲ್ಲೇ ರೈಟರ್ ನಟನ ಹೆಸರು, ಆಮೇಲೆ ಇಲ್ಲಿ. ಮೊದಲ ಮೂರು ಎಪಿಸೋಡಿಗೆ ಇಷ್ಟೇ. ಹೆಂಗಸಿಗೆ ಮೋಸ ಗೊತ್ತಾಗೋದು ಮೂರನೇದರ ಕೊನೆಗೆ, ಹಾಗಾಗಿ ನಾಲ್ಕನೇದರಿಂದ ಶುರುವಿನ ಖಾಲಿ ಸೆಕೆಂಡಲ್ಲಿ ಒಂದನ್ನ ತೆಗೆದು ಮುಳ್ಳಿಗೆ ಕೊಟ್ಟೆ. ಶೂಟ್ ಅದೇ ದಿನದ್ದು, ಕಟ್ ಮಾತ್ರ ಬೇರೆ. ಈ ಸಲ ಮುಳ್ಳು 40ರಲ್ಲಿ ನಿಲ್ಲುತ್ತೆ, ಪೆನ್ಸಿಲ್ 38 ಅಂತ ಬರೆಯುತ್ತೆ.