ನೀರು ನಿಲ್ಲದ ಮೂಲೆ: ಸುಣ್ಣದ ಕಲ್ಲಿನ ನೆಲದಲ್ಲಿ ಒಂದು ಮನೆ ಉಳಿಸಿಕೊಂಡ ಅನುಭವ

ಆ ಮನೆಯ ಯಜಮಾನರು ನನ್ನನ್ನು ಕರೆಸಿದ್ದು ಒಂದು ಬಾಗಿಲಿನ ಸಲುವಾಗಿ. ಅಡುಗೆಮನೆಯ ಹಿಂಬಾಗಿಲು ಮೇಲ್ಗಡೆ ಚೌಕಟ್ಟಿಗೆ ಉಜ್ಜುತ್ತಿತ್ತು. ಬಡಗಿ ಎರಡು ಸಲ ಬಂದು ಕೀಸಿ ಹೋಗಿದ್ದ. ಮೂರನೇ ಸಲವೂ ಅದೇ ಆದಾಗ ಅವರಿಗೆ ಅನುಮಾನ ಬಂದಿತ್ತು. ನಾನು ಬಾಗಿಲು ನೋಡಿ, ಪಕ್ಕದ ಕಿಟಕಿ ನೋಡಿದೆ. ಕಿಟಕಿಯ ಮೇಲಿನ ಮೂಲೆಯಿಂದ ಒಂದು ಓರೆ ಬಿರುಕು ಚಾವಣಿಯವರೆಗೆ ಹೋಗಿತ್ತು. ಕೆಳಗೆ ಕೂದಲಿನಷ್ಟು ಸಣ್ಣ, ಮೇಲೆ ಹೋದಷ್ಟೂ ಅಗಲ.

ಮನೆಯ ಒಂದು ಮೂಲೆ ಕೆಳಗೆ ಹೋಗುವಾಗ ಗೋಡೆ ಆ ಕಡೆಗೆ ವಾಲುತ್ತದೆ, ಅದಕ್ಕೇ ಬಿರುಕು ಮೇಲೆ ಅಗಲವಾಗುತ್ತದೆ. ಗೋಡೆಯ ನಡುಭಾಗ ತಗ್ಗಿದ್ದರೆ ಇದರ ತಿರುಗಾಮುರುಗಾ, ಬಿರುಕು ಕೆಳಗೆ ಅಗಲ. ಹಾಗಾಗಿ ಒಳಗೆ ನಿಂತೇ ನನಗೆ ಯಾವ ಮೂಲೆ ಅಂತ ಗೊತ್ತಾಯಿತು. ಹೊರಗೆ ಹೋಗಿ ನೋಡಿದರೆ ಅದೇ ಮೂಲೆಗೆ ಚಾವಣಿಯ ಮಳೆನೀರಿನ ಪೈಪು ಇಳಿದಿತ್ತು. ನೀರು ಬಿದ್ದ ಜಾಗದಲ್ಲಿ ನೆಲ ತಟ್ಟೆಯ ಹಾಗೆ ಸ್ವಲ್ಪ ತಗ್ಗಾಗಿತ್ತು. ಎರಡು ಮೀಟರ್ ಅಗಲ, ನಡುವೆ ಐದಾರು ಸೆಂಟಿಮೀಟರ್ ಆಳ, ಅಷ್ಟೇ.

"ಮಳೆ ಬಂದಾಗ ಇಲ್ಲಿ ನೀರು ನಿಲ್ಲುತ್ತಾ?" ಅಂತ ಕೇಳಿದೆ.

"ಇಲ್ಲ ಸರ್, ಅದೊಂದು ಪುಣ್ಯ. ಮೊದಲೆಲ್ಲ ಹೊಂಡ ಆಗ್ತಿತ್ತು. ಈಗ ಒಂದು ವರ್ಷದಿಂದ ಬಿದ್ದ ನೀರು ಬಿದ್ದ ಹಾಗೇ ಇಂಗಿ ಹೋಗುತ್ತೆ. ತಗ್ಗು ಮುಚ್ಚೋಕೆ ಎರಡು ಗಾಡಿ ಮಣ್ಣು ಹಾಕಿಸಿದ್ದೆ, ಅದೂ ಕೂತುಬಿಡ್ತು."

ಈ ಮಾತು ಕೇಳಿ ನನಗೆ ಭಯವಾಯಿತು. ಅಂಟುಮಣ್ಣಿನ ನೆಲದಲ್ಲಿ ನೀರು ನಿಲ್ಲಬೇಕು. ನಿಲ್ಲುತ್ತಿದ್ದ ನೀರು ಇದ್ದಕ್ಕಿದ್ದಂತೆ ನಿಲ್ಲದೆ ಹೋದರೆ, ಅದಕ್ಕೆ ಕೆಳಗೆ ಎಲ್ಲೋ ದಾರಿ ಸಿಕ್ಕಿದೆ ಅಂತ ಅರ್ಥ. ಹಾಕಿದ ಎರಡು ಗಾಡಿ ಮಣ್ಣೂ ಅದೇ ದಾರಿ ಹಿಡಿದಿತ್ತು.

ಇಲ್ಲಿ ಅಂಟುಮಣ್ಣಿನ ಕೆಳಗಿರುವುದು ಸುಣ್ಣದ ಕಲ್ಲು. ಅಲ್ಲಿ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ಹೇಳಬೇಕು. ಮಳೆನೀರು ಗಾಳಿಯಿಂದ, ಅದಕ್ಕಿಂತ ಜಾಸ್ತಿ ಮಣ್ಣಿನಿಂದ, ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಆ ನೀರು ಸುಣ್ಣದ ಕಲ್ಲಿನ ಸೀಳುಗಳಲ್ಲಿ ಇಳಿಯುತ್ತಾ ಕಲ್ಲನ್ನು ಕರಗಿಸಿ ಸೀಳನ್ನು ಅಗಲ ಮಾಡುತ್ತದೆ. ಆದರೆ ಇದು ತುಂಬಾ ನಿಧಾನದ ಕೆಲಸ, ಸಾವಿರ ವರ್ಷಕ್ಕೆ ಕೆಲವು ಸೆಂಟಿಮೀಟರ್ ಲೆಕ್ಕ. ನಮ್ಮ ಕಾಲದಲ್ಲಿ ಮನೆ ಕೆಳಗಿನ ಕಲ್ಲು ಕರಗಿ ಗುಂಡಿ ಬೀಳುವುದಿಲ್ಲ. ನಮ್ಮ ಕಾಲದಲ್ಲಿ ಓಡುವುದು ಕಲ್ಲಿನ ಮೇಲಿನ ಮಣ್ಣು. ಲಾಳಿಕೆಗೆ ಹಾಕಿದ ಹಿಟ್ಟಿನ ಹಾಗೆ, ಮಣ್ಣು ನೀರಿನ ಜೊತೆ ಹಳೆಯ ಸೀಳಿನ ಬಾಯಿಗೆ ಇಳಿಯುತ್ತದೆ. ಮೊದಲು ಕಲ್ಲಿನ ಹತ್ತಿರ ಪೊಳ್ಳು ಹುಟ್ಟುತ್ತದೆ. ಮೇಲಿನ ಅಂಟುಮಣ್ಣು ಕಮಾನಿನ ಹಾಗೆ ತಡೆದು ನಿಲ್ಲುತ್ತದೆ. ಕಮಾನಿನ ಒಳಮೈ ಉದುರುತ್ತಾ ಪೊಳ್ಳು ಮೇಲೆ ಮೇಲೆ ಬರುತ್ತದೆ. ಕೊನೆಗೆ ತೆಳ್ಳಗಾದ ಕಮಾನು ಒಂದೇ ಸಲ ಬೀಳುತ್ತದೆ. ನೋಡಿದವರು "ನಿನ್ನೆವರೆಗೂ ಚೆನ್ನಾಗಿತ್ತು" ಅನ್ನುತ್ತಾರೆ.

ಮಣ್ಣನ್ನು ಓಡಿಸುವ ನೀರು ಎಲ್ಲಿಂದ ಬರುತ್ತದೆ? ಬಹಳ ಸಲ ಮನೆಯಿಂದಲೇ. ಈ ಮನೆಯ ಚಾವಣಿ ಸುಮಾರು ನೂರು ಚದರ ಮೀಟರ್. ಮೂವತ್ತು ಮಿಲಿಮೀಟರ್ ಮಳೆ ಬಿದ್ದರೆ ಮೂರು ಸಾವಿರ ಲೀಟರ್ ನೀರು. ಪೈಪುಗಳಿದ್ದದ್ದು ಎರಡು, ಅಂದರೆ ಒಂದು ರಾತ್ರಿಗೆ ಆ ಮೂಲೆಯೊಂದರಲ್ಲೇ ಒಂದೂವರೆ ಸಾವಿರ ಲೀಟರ್. ಮನೆ ಕಟ್ಟುವ ಮುಂಚೆ ಇದೇ ನೀರು ಇಡೀ ಜಾಗಕ್ಕೆ ಹಂಚಿ ಬೀಳುತ್ತಿತ್ತು.

ಅಂತರ್ಜಲ ಇಳಿದರೂ ಇದೇ ಅಪಾಯ. ಪೊಳ್ಳಿನಲ್ಲಿ ತುಂಬಿದ ನೀರು ಮಣ್ಣಿನ ಕಮಾನಿಗೆ ಒಳಗಿನಿಂದ ಆನಿಕೆ ಕೊಟ್ಟಿರುತ್ತದೆ. ನೀರು ಕೆಳಗೆ ಹೋದರೆ ಆ ಆನಿಕೆಯೂ ಹೋಯಿತು. 2010ರ ಜನವರಿಯಲ್ಲಿ ಅಮೆರಿಕದ ಫ್ಲೋರಿಡಾದಲ್ಲಿ ಸ್ಟ್ರಾಬೆರಿ ಬೆಳೆಯನ್ನು ಹಿಮದಿಂದ ಉಳಿಸಲು ರೈತರು ಹಲವು ರಾತ್ರಿ ಬೋರ್‌ವೆಲ್ ನೀರು ಹಾಯಿಸಿದರು. ಆ ಸುತ್ತಮುತ್ತ ನೂರಕ್ಕೂ ಹೆಚ್ಚು ಗುಂಡಿಗಳು ಬಿದ್ದವು.

ಮೊದಲ ದಿನ ನಾನು ಮಾಡಿದ್ದು ಎರಡೇ ಕೆಲಸ. ಪೈಪಿಗೆ ಇನ್ನೊಂದು ಪೈಪು ಜೋಡಿಸಿ ನೀರನ್ನು ಮನೆಯಿಂದ ದೂರ, ಇಳಿಜಾರಿನ ಕಾಲುವೆಗೆ ಬಿಟ್ಟೆ. ಮನೆಯ ನಲ್ಲಿಗಳನ್ನೆಲ್ಲ ಮುಚ್ಚಿಸಿ, ಒಂದು ಗಂಟೆ ನೀರಿನ ಮೀಟರ್ ಮುಂದೆ ಕೂತೆ. ಮುಳ್ಳು ಅಲ್ಲಾಡಲಿಲ್ಲ, ಅಂದರೆ ನೆಲದೊಳಗಿನ ನಲ್ಲಿ ಪೈಪು ಸೋರುತ್ತಿಲ್ಲ. ಚರಂಡಿ ಪೈಪಿನ ಸೋರಿಕೆ ಮೀಟರಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಬಚ್ಚಲಿಗೆ ಬಣ್ಣದ ನೀರು ಹಾಕಿ, ಅದು ಚೇಂಬರಿನಲ್ಲಿ ಪೂರ್ತಿ ಬರುತ್ತದೆಯೇ ಅಂತ ನೋಡಿದೆ. ಬಂತು.

ಆಮೇಲೆ ಬಿರುಕಿನ ಲೆಕ್ಕ. ಬಿರುಕಿನ ಎರಡೂ ಕಡೆ ಪೆನ್ಸಿಲ್ಲಿನಲ್ಲಿ ಒಂದೊಂದು ಚುಕ್ಕೆ ಇಟ್ಟು, ನಡುವಿನ ಅಂತರವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆದು, ಗೋಡೆಯ ಮೇಲೇ ತಾರೀಖು ಬರೆದೆ. ಮೂರು ಕಡೆ ಹೀಗೆ ಮಾಡಿದೆ. ದಿನಾ ಬೆಳಿಗ್ಗೆ ಅಳೆದು ಬರೆಯಿರಿ, ಮಳೆ ಬಂದ ದಿನ ಪಕ್ಕದಲ್ಲಿ ಒಂದು ಗುರುತು ಹಾಕಿ ಅಂತ ಯಜಮಾನರಿಗೆ ಹೇಳಿದೆ. ಬಿರುಕಿಗೆ ಸಿಮೆಂಟ್ ಮೆತ್ತಬೇಡಿ ಅಂತಲೂ ಹೇಳಿದೆ. ಮೆತ್ತಿದರೆ ಅದು ಬೆಳೆಯುತ್ತಿರುವುದೇ ಕಾಣುವುದಿಲ್ಲ.

ಒಣಗಿದ್ದ ಒಂಬತ್ತು ದಿನ ಬಿರುಕು ಕದಲಲಿಲ್ಲ. ಹತ್ತನೇ ರಾತ್ರಿ ದೊಡ್ಡ ಮಳೆ ಬಂತು. ಬೆಳಿಗ್ಗೆ ಒಂದು ಮಿಲಿಮೀಟರ್ ಜಾಸ್ತಿಯಾಗಿತ್ತು. ಪೈಪಿನ ನೀರು ತಿರುಗಿಸಿದ್ದರೂ ಅಂಗಳದ ನೀರು ಇನ್ನೂ ಆ ಕಡೆಗೇ ಹರಿಯುತ್ತಿತ್ತು. ಕಪ್ಪು ಎರೆಮಣ್ಣಿನ ಮೇಲಿನ ಮನೆಗಳಲ್ಲೂ ಬಿರುಕು ಬರುತ್ತದೆ. ಆದರೆ ಅಲ್ಲಿ ಬೇಸಿಗೆಯಲ್ಲಿ ಬಾಯಿ ಬಿಟ್ಟ ಬಿರುಕು ಮಳೆಗಾಲದಲ್ಲಿ ಸ್ವಲ್ಪವಾದರೂ ಮುಚ್ಚಿಕೊಳ್ಳುತ್ತದೆ. ಮಣ್ಣು ತುಂಬಿಸಿದ ಜಾಗವಾದರೆ ಮೊದಲ ವರ್ಷಗಳಲ್ಲಿ ಕೂತು, ಬರಬರುತ್ತಾ ನಿಧಾನವಾಗುತ್ತದೆ. ಇಲ್ಲಿ ಮಳೆಗೇ ಅಗಲವಾಗುತ್ತಿತ್ತು, ಏಳೆಂಟು ವರ್ಷ ಸುಮ್ನೆ ಇದ್ದ ಮನೆ ಈಗ ಜೋರು ಹಿಡಿದಿತ್ತು. ಅದೇ ದಿನ ತಗ್ಗಿನ ಸುತ್ತ ಮಣ್ಣಿನಲ್ಲಿ ಬಿಲ್ಲಿನ ಹಾಗೆ ಬಾಗಿದ ಸೀಳು ಕಂಡಿತು. ಬಿಸಿಲಿಗೆ ಮಣ್ಣು ಒಡೆದರೆ ಜೇನುಗೂಡಿನ ಹಾಗೆ ಎಲ್ಲಾ ಕಡೆ ಒಡೆಯುತ್ತದೆ. ಒಂದು ನಡುವನ್ನು ಸುತ್ತುವ ಸೀಳು ಬೇರೆ, ಅದು ಕೆಳಗಿನ ಪೊಳ್ಳಿನ ಅಂಚು.

ಅವತ್ತೇ ಆ ಬದಿಯ ಎರಡು ಕೋಣೆ ಖಾಲಿ ಮಾಡಿಸಿದೆ. ಬಿರುಕು ಗಂಟೆಗಂಟೆಗೂ ಬೆಳೆದರೆ, ಗೋಡೆ ಚಟ್ ಚಟ್ ಅಂದರೆ, ಬೋರ್‌ವೆಲ್ ನೀರು ಇದ್ದಕ್ಕಿದ್ದಂತೆ ಕೆಸರಾದರೆ, ಗ್ಯಾಸು ಮತ್ತು ಕರೆಂಟು ಬಂದ್ ಮಾಡಿ ಇಡೀ ಮನೆಯಿಂದ ಹೊರಗೆ ಬನ್ನಿ, ನನಗೆ ಫೋನ್ ಮಾಡುವುದು ಆಮೇಲೆ ಅಂತ ಹೇಳಿದೆ.

ನೆಲ ಪರೀಕ್ಷೆಗೆ ಹನ್ನೆರಡು ಮಿಲಿಮೀಟರ್ ಕಬ್ಬಿಣದ ಸರಳು, ನಾಲ್ಕು ಕೆಜಿ ಸುತ್ತಿಗೆ ತಂದೆ. ತಗ್ಗಿನ ಮೇಲೆ ಯಾರೂ ಕಾಲಿಡದಂತೆ ಉದ್ದದ ಹಲಗೆಗಳನ್ನು ಗಟ್ಟಿ ನೆಲದಿಂದ ಗಟ್ಟಿ ನೆಲಕ್ಕೆ ಹಾಸಿದೆವು. ಸುತ್ತಿಗೆ ಹೊಡೆಯುವವರ ಸೊಂಟಕ್ಕೆ ಹಗ್ಗ ಕಟ್ಟಿ ಮರಕ್ಕೆ ಬಿಗಿದೆವು. ಪ್ರತಿ ಹತ್ತು ಸೆಂಟಿಮೀಟರಿಗೆ ಎಷ್ಟು ಏಟು ಅಂತ ಎಣಿಸಿದೆ. ಉಳಿದ ಮೂರು ಮೂಲೆಗಳಲ್ಲಿ ಕೆಳಗೆ ಹೋದಷ್ಟೂ ಏಟು ಜಾಸ್ತಿ. ಈ ಮೂಲೆಯಲ್ಲಿ ಮೊದಲ ಮೀಟರ್ ಹದಿನಾಲ್ಕು ಹದಿನೈದು ಏಟು, ಆಮೇಲೆ ಎಂಟು, ಆಮೇಲೆ ಮೂರು. ಎರಡು ಮೀಟರ್ ದಾಟಿದ ಮೇಲೆ ಸರಳು ಏಟೇ ಇಲ್ಲದೆ ತನ್ನ ಭಾರಕ್ಕೇ ಒಂದು ಗೇಣಿಗಿಂತ ಜಾಸ್ತಿ ಜಾರಿತು. ಸುತ್ತಿಗೆ ಹಿಡಿದಿದ್ದ ಮೇಸ್ತ್ರಿ ನನ್ನ ಮುಖ ನೋಡಿದರು. ಇಬ್ಬರೂ ಮಾತಾಡಲಿಲ್ಲ.

ಮೇಲೆ ಗಟ್ಟಿ, ಕೆಳಗೆ ಮೆತ್ತಗೆ. ಸುಣ್ಣದ ಕಲ್ಲಿನ ನೆಲದ ಮೋಸ ಇದೇ. ಒಂದು ಮೀಟರ್ ಗುಂಡಿ ತೋಡಿ "ಮಣ್ಣು ಗಟ್ಟಿ ಇದೆ" ಅಂತ ಪಾಯ ಹಾಕುವವರು ಏಮಾರುವುದು ಇಲ್ಲೇ. ನನ್ನ ಸರಳಿಗೂ ಮಿತಿ ಇದೆ. ಮೂರು ಮೀಟರ್ ಕೆಳಗೆ ಅದನ್ನು ನಂಬಲಾಗದು. ಹಾಗಾಗಿ ಮಣ್ಣು ಪರೀಕ್ಷೆಯವರಿಂದ ಕೊರೆಸಿದೆವು. ಒಂದು ಕಡೆ ಮೂರೂವರೆ ಮೀಟರಿಗೆ ಬಂಡೆ ಸಿಕ್ಕಿತು. ಅಲ್ಲಿಂದ ಬರೀ ಎರಡು ಮೀಟರ್ ಪಕ್ಕದಲ್ಲಿ ಆರು ಮೀಟರಿಗೂ ಸಿಗಲಿಲ್ಲ, ಕೊರೆಯಲು ಬಿಟ್ಟ ನೀರೆಲ್ಲ ಒಮ್ಮೆಗೇ ಮಾಯವಾಯಿತು. ನೀರು ಹಾಗೆ ಹೋದರೆ ಅದನ್ನು ಕೊರೆಯುವವರು ಬರೆದಿಡಬೇಕು, ನೀವು ಕೇಳಿ ಬರೆಸಿಕೊಳ್ಳಬೇಕು.

ರಿಪೇರಿ ಒಣ ದಿನಗಳಲ್ಲಿ ಮಾಡಿದೆವು. ಮೊದಲು ಆ ಮೂಲೆಯ ಚಾವಣಿಗೆ ಆನಿಕೆ ಕೊಟ್ಟೆವು. ಗಟ್ಟಿ ಗ್ರೌಟ್, ಅಂದರೆ ಸಿಮೆಂಟು ಮರಳಿನ ಮಂದ ಕಲಸು, ತುಂಬುವ ತಂಡ ಬಂದು, ಪಾಯದ ಕೆಳಗೆ ಬಂಡೆಯವರೆಗೆ ಪೈಪು ಇಳಿಸಿ, ತಳದಿಂದ ಮೇಲಕ್ಕೆ ಸ್ವಲ್ಪ ಸ್ವಲ್ಪವೇ ಗ್ರೌಟ್ ತುಂಬಿತು. ನಾನು ಟ್ಯೂಬ್ ಲೆವೆಲ್ ಹಿಡಿದು ಕೂತಿದ್ದೆ, ಗೋಡೆ ಏಳುವ ಸುಳಿವು ಸಿಕ್ಕ ತಕ್ಷಣ ನಿಲ್ಲಿಸಿದೆ. ಇದು ತೆಳ್ಳಗಿನ ಸಿಮೆಂಟ್ ನೀರಲ್ಲ. ತೆಳ್ಳಗಿದ್ದರೆ ಸೀಳು ಹಿಡಿದು ಎಲ್ಲಿಗೋ ಹರಿದು ಹೋಗುತ್ತದೆ.

ಆಮೇಲೆ ಪಾಯದಿಂದ ದೂರದ ಬದಿಯಿಂದ, ಇಳಿಜಾರು ಬಿಟ್ಟು, ತಗ್ಗನ್ನು ಅಗೆದೆವು. ಸುಮಾರು ನಾಲ್ಕು ಮೀಟರ್ ಕೆಳಗೆ ಸೀಳಿನ ಬಾಯಿ ಸಿಕ್ಕಿತು, ಅರ್ಧ ಮೀಟರ್ ಅಗಲ. ಅಂಚಿನ ಕಲ್ಲು ನೀರು ಸವರಿ ನುಣ್ಣಗಾಗಿತ್ತು. ಒಳಗಿನಿಂದ ತಣ್ಣನೆ ಗಾಳಿ ಬರುತ್ತಿತ್ತು. ಯಜಮಾನರು ಹಾಕಿಸಿದ್ದ ಕೆಂಪು ಮಣ್ಣು ಅದರ ತುಟಿಗೆ ಮೆತ್ತಿಕೊಂಡಿತ್ತು. ಅದರ ಮೇಲೆ ಕಾಂಕ್ರೀಟ್ ಸುರಿದು ಬಿರಡೆ ಹಾಕೋಣ ಅಂತ ಒಬ್ಬರು ಹೇಳಿದರು. ನಾನು ಒಪ್ಪಲಿಲ್ಲ. ಬಿರಡೆ ಹಾಕಿದರೆ ನೀರು ಅದರ ಪಕ್ಕದಲ್ಲಿ ಹೊಸ ದಾರಿ ಹುಡುಕುತ್ತದೆ. ನೀರು ಹೋಗಲಿ, ಮಣ್ಣು ಹೋಗಬಾರದು. ಅದಕ್ಕೆ ಬಾಯಲ್ಲಿ ಸಿಕ್ಕಿಕೊಂಡು ನಿಲ್ಲುವಂಥ ದೊಡ್ಡ ಬಂಡೆಗಲ್ಲು ಮೊದಲು, ಅದರ ಸಂದಿಯಲ್ಲಿ ಇಳಿಯದಂಥ ಸಣ್ಣ ಕಲ್ಲು, ಅದರ ಮೇಲೆ ದಪ್ಪ ಜೆಲ್ಲಿ, ಸಣ್ಣ ಜೆಲ್ಲಿ, ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಮರಳು. ಪ್ರತಿ ಪದರ ಮೇಲಿನದನ್ನು ಹಿಡಿದು ನಿಲ್ಲಿಸಬೇಕು. ಕೊನೆಗೆ ಅಂಟುಮಣ್ಣನ್ನು ಹದಿನೈದು ಸೆಂಟಿಮೀಟರ್ ಪದರದಲ್ಲಿ ಹಾಕಿ ದಿಮ್ಮಿಸು ಹೊಡೆದು, ಮೇಲ್ಗಡೆ ಆಮೆಬೆನ್ನಿನ ಹಾಗೆ ಉಬ್ಬಿಸಿದೆವು. ಇಡೀ ಅಂಗಳದ ವಾಟ ಬದಲಿಸಿ ನೀರು ಆ ಕಡೆ ಬರದಂತೆ ಮಾಡಿದೆವು.

ಮನೆ ಪೂರ್ತಿ ನಿಶ್ಚಿಂತೆ ಅಂತ ನಾನು ಯಜಮಾನರಿಗೆ ಹೇಳಲಿಲ್ಲ. ನಾವು ಮುಚ್ಚಿದ್ದು ಒಂದು ಬಾಯಿ. ಅದೇ ಕಲ್ಲಿನಲ್ಲಿ ಹತ್ತು ಮೀಟರ್ ಆಚೆ ಇನ್ನೊಂದು ಇರಬಹುದು, ಎಲ್ಲಾ ಕಡೆ ಕೊರೆಯಲು ಆಗುವುದಿಲ್ಲ. ಈಗ ಎರಡು ಮಳೆಗಾಲ ಕಳೆದಿದೆ. ಚುಕ್ಕೆಗಳ ನಡುವಿನ ಅಂತರ ಬದಲಾಗಿಲ್ಲ. ಆದರೂ ಪ್ರತಿ ದೊಡ್ಡ ಮಳೆಯ ಮರುದಿನ ಅವರು ಮನೆ ಸುತ್ತ ಒಂದು ಸುತ್ತು ಹಾಕಿ, ಕ್ಯಾಲಿಪರ್ ಇಟ್ಟು ಅಳೆದು, ಗೋಡೆಯ ಫೋಟೋ ನನಗೆ ಕಳಿಸುತ್ತಾರೆ. ಎಲ್ಲೆಲ್ಲಿ ನೀರು ನಿಂತಿದೆ ಅಂತಲೂ ಬರೆಯುತ್ತಾರೆ.