ಕೊಚ್ಚಿಯಲ್ಲಿ ಹುಟ್ಟಿದ ಕಡಮತ್‌ನ ಮಗು: ಲಕ್ಷದ್ವೀಪದ ಅಂಕಿಗಳನ್ನು ಜೋಡಿಸಿದ ನನ್ನ ಅನುಭವ

ಮಂಗಳೂರಿನಲ್ಲಿ ಕುಳಿತು ಪಶ್ಚಿಮ ಕರಾವಳಿಯ ಜಿಲ್ಲೆಗಳ ಜನಸಂಖ್ಯೆ ಮತ್ತು ಆರೋಗ್ಯದ ಅಂಕಿಅಂಶಗಳನ್ನು ಒಂದೇ ಪಟ್ಟಿಗೆ ತರುವ ಕೆಲಸ ನನ್ನದು. ಆ ಪಟ್ಟಿಯಲ್ಲಿ ಲಕ್ಷದ್ವೀಪಕ್ಕೆ ಒಂದೇ ಒಂದು ಸಾಲು ಇದೆ, ಏಕೆಂದರೆ ಆ ಕೇಂದ್ರಾಡಳಿತ ಪ್ರದೇಶ ಪೂರ್ತಿ ಒಂದೇ ಜಿಲ್ಲೆ. ನೂರಾರು ಸಾಲುಗಳ ನಡುವೆ ನನ್ನ ಸಮಯವನ್ನು ಅತಿ ಹೆಚ್ಚು ತೆಗೆದುಕೊಂಡದ್ದು ಆ ಒಂದು ಸಾಲೇ.

ಮೊದಲ ತಪ್ಪು ಪಿನ್ ಕೋಡಿನಿಂದ ಆಯಿತು. ವಿಳಾಸಗಳ ಒಂದು ದೊಡ್ಡ ಕಡತವನ್ನು ಜಿಲ್ಲೆಗಳಿಗೆ ಹಂಚಬೇಕಾಗಿತ್ತು, ಅದಕ್ಕಾಗಿ ಪಿನ್ ಕೋಡಿನ ಮೊದಲ ಮೂರು ಅಂಕಿಗಳನ್ನು ಬಳಸಿದೆ. ಕೊನೆಯಲ್ಲಿ ಕೂಡಿಸಿ ನೋಡಿದಾಗ ಒಟ್ಟು ಮೊತ್ತ ಸರಿಯಾಗಿತ್ತು, ಆದರೆ ಲಕ್ಷದ್ವೀಪದ ಮುಂದೆ ಸೊನ್ನೆ ಬಂದಿತ್ತು. ಒಟ್ಟು ಸರಿಯಿದ್ದು ಒಂದು ಸಾಲು ಮಾತ್ರ ಬರಿದಾದರೆ ಅಂಕಿ ಕಳೆದುಹೋಗಿಲ್ಲ, ಬೇರೆ ಯಾರದೋ ಸಾಲಿಗೆ ಸೇರಿಕೊಂಡಿದೆ ಎಂದೇ ಅರ್ಥ. ಹುಡುಕಿದಾಗ ಅವೆಲ್ಲ ಎರ್ನಾಕುಳಂ ಜಿಲ್ಲೆಯಲ್ಲಿ ಸಿಕ್ಕವು. ದ್ವೀಪಗಳ ಪಿನ್ ಕೋಡುಗಳು 682551ರಿಂದ 682559ರವರೆಗೆ ಇವೆ, 682 ಎಂಬುದು ಕೊಚ್ಚಿಯ ಗುರುತು. ಅಂಚೆ ಇಲಾಖೆಯ ದೃಷ್ಟಿಯಲ್ಲಿ ಲಕ್ಷದ್ವೀಪ ಕೇರಳ ವೃತ್ತದೊಳಗಿದೆ. ದೂರಸಂಪರ್ಕದ ಕೇರಳ ವೃತ್ತದೊಳಗೂ ಲಕ್ಷದ್ವೀಪ ಸೇರಿದೆ, ಪುದುಚೇರಿಯ ಭಾಗವಾದ ಮಾಹೆಯೂ ಸೇರಿದೆ. ಆದ್ದರಿಂದ ಕೇರಳದ ಮೊಬೈಲ್ ಸಂಪರ್ಕಗಳ ಸಂಖ್ಯೆಯನ್ನು ಕೇರಳ ರಾಜ್ಯದ ಜನಸಂಖ್ಯೆಯಿಂದ ಮಾತ್ರ ಭಾಗಿಸುವವರು ಬೇರೆ ಬೇರೆ ಗಡಿಗಳ ಎರಡು ಅಂಕಿಗಳನ್ನು ಒಂದು ಭಿನ್ನರಾಶಿಯಲ್ಲಿ ಇಟ್ಟಂತಾಗುತ್ತದೆ. ಜನಗಣತಿಯಲ್ಲಿ ಈ ಗೊಂದಲವಿಲ್ಲ. 2011ರ ಜನಗಣತಿ ಲಕ್ಷದ್ವೀಪಕ್ಕೆ 31, ಕೇರಳಕ್ಕೆ 32 ಎಂದು ಬೇರೆ ಸಂಕೇತಗಳನ್ನು ಕೊಟ್ಟಿದೆ. ಜಿಲ್ಲೆಯ ಸಂಕೇತ 587, ಅದರ ಮುಂದಿನದು ಕಾಸರಗೋಡಿನ 588.

ಈ ಅನುಭವದ ನಂತರ ಪ್ರತಿಯೊಂದು ಅಂಕಿಯ ಬಳಿಯೂ ಒಂದು ಪ್ರಶ್ನೆ ಬರೆದುಕೊಳ್ಳುವ ರೂಢಿ ಮಾಡಿಕೊಂಡೆ: ಇದನ್ನು ಬರೆದುಕೊಂಡ ಕಚೇರಿಯ ಗಡಿ ಎಲ್ಲಿಯವರೆಗೆ? ಲಕ್ಷದ್ವೀಪದ ವಿಷಯದಲ್ಲಿ ಇದಕ್ಕೆ ಒಂದೇ ಉತ್ತರ ಸಿಗುವುದಿಲ್ಲ. ರಾಷ್ಟ್ರಪತಿ ನೇಮಿಸುವ ಆಡಳಿತಾಧಿಕಾರಿ ಕವರತ್ತಿಯಲ್ಲಿದ್ದು ಆಡಳಿತ ನಡೆಸುತ್ತಾರೆ. ವಿಧಾನಸಭೆ ಇಲ್ಲ, ಸಂವಿಧಾನದ 240ನೇ ವಿಧಿಯ ಪ್ರಕಾರ ರಾಷ್ಟ್ರಪತಿ ಹೊರಡಿಸುವ ನಿಯಮಗಳಿಗೆ ಅಲ್ಲಿ ಶಾಸನದ ಬಲವಿದೆ. ಆದರೆ ಮೇಲ್ಮನವಿ ಹೋಗುವುದು ಕೇರಳ ಹೈಕೋರ್ಟಿಗೆ. ಶಾಲೆಯ ಮಕ್ಕಳು ಬಹಳ ಕಾಲ ಬರೆದದ್ದು ಕೇರಳದ ಎಸ್ಸೆಸ್ಸೆಲ್ಸಿ ಪರೀಕ್ಷೆಯನ್ನು. ಆಡಳಿತ ಬೇರೆ, ಸೇವೆಗಳು ಹಂಚಿಕೊಂಡವು. ಅಂಕಿಗಳಲ್ಲಿ ಬಿರುಕು ಬೀಳುವುದು ಇವೆರಡು ಕೂಡುವ ಜಾಗದಲ್ಲಿ.

ನಮ್ಮ ಜಿಲ್ಲೆಯ ಹಳೆಯ ಕಡತಗಳನ್ನು ನೋಡುವವರಿಗೆ ಇನ್ನೊಂದು ಎಚ್ಚರಿಕೆ ಬೇಕು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲತ್, ಬಿತ್ರ ಎಂಬ ಉತ್ತರದ ದ್ವೀಪಗಳು 1956ರವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು; ಉಳಿದವು ಮಲಬಾರ್ ಜಿಲ್ಲೆಯಲ್ಲಿದ್ದವು. 1956ರ ನವೆಂಬರ್ 1ರಂದು ಇವೆರಡನ್ನೂ ಕೂಡಿಸಿ ಕೇಂದ್ರಾಡಳಿತ ಪ್ರದೇಶ ಮಾಡಲಾಯಿತು. ಲಕ್ಷದ್ವೀಪ ಎಂಬ ಹೆಸರು ಬಂದದ್ದು 1973ರಲ್ಲಿ. ಆದ್ದರಿಂದ 1951ರಲ್ಲಿ ಲಕ್ಷದ್ವೀಪದ ಜನಸಂಖ್ಯೆ 21,035 ಎಂದು ಇಂದಿನ ಪಟ್ಟಿಗಳಲ್ಲಿ ಕಾಣುವ ಅಂಕಿ, ಆ ಹೆಸರಿನ ಪ್ರದೇಶವೇ ಇಲ್ಲದಿದ್ದ ವರ್ಷಕ್ಕೆ ಎರಡು ಜಿಲ್ಲೆಗಳ ಲೆಕ್ಕದಿಂದ ಆಮೇಲೆ ಬಿಡಿಸಿ ಜೋಡಿಸಿದ ಅಂಕಿ. ಅದೇ ರೀತಿ ದಕ್ಷಿಣ ಕನ್ನಡದ ಹಳೆಯ ಮೊತ್ತವನ್ನು ಹೊಸ ಮೊತ್ತದ ಪಕ್ಕದಲ್ಲಿಟ್ಟು ಬೆಳವಣಿಗೆಯ ದರ ಲೆಕ್ಕ ಹಾಕುವವರು ಕಾಸರಗೋಡು ಬಿಟ್ಟುಹೋದದ್ದನ್ನು ಸಾಮಾನ್ಯವಾಗಿ ನೆನಪಿಡುತ್ತಾರೆ, ಈ ಐದು ದ್ವೀಪಗಳನ್ನು ಮರೆತುಬಿಡುತ್ತಾರೆ.

ಆಡಳಿತದ ಸಂಬಂಧ ಕಡಿದರೂ ವ್ಯಾಪಾರದ ಸಂಬಂಧ ಉಳಿದಿದೆ. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳು ಇಂದಿಗೂ ಸಾಮಾನು ಹೇರಿಕೊಂಡು ದ್ವೀಪಗಳಿಗೆ ಹೋಗುತ್ತವೆ. ಅಲ್ಲಿಯೇ ನನಗೆ ಕಡಮತ್‌ನ ಒಬ್ಬರ ಪರಿಚಯವಾಯಿತು. ನಾನು ಜನನ ನೋಂದಣಿಯ ಅಂಕಿಗಳು ಹೊಂದುತ್ತಿಲ್ಲ ಎಂದು ಹೇಳಿದಾಗ ಅವರು ತಮ್ಮ ಮಗಳ ಜನನ ಪ್ರಮಾಣಪತ್ರವನ್ನು ಫೋನಿನಲ್ಲಿ ತೆರೆದು ತೋರಿಸಿದರು. “ನೋಡಿ ಸಾರ್, ನಾವು ಕಡಮತ್‌ನವರು, ಮಗು ಹುಟ್ಟಿದ್ದು ಕೊಚ್ಚಿಯಲ್ಲಿ. ಹೆರಿಗೆ ಕಷ್ಟವಾಗಬಹುದೆಂದು ಡಾಕ್ಟರು ಮೊದಲೇ ಕಳಿಸಿದ್ದರು,” ಎಂದರು. ಪತ್ರದಲ್ಲಿ ಹುಟ್ಟಿದ ಸ್ಥಳ ಕೊಚ್ಚಿಯ ಆಸ್ಪತ್ರೆ. ಮಗು ಹುಟ್ಟಿದಾಗ ತಂದೆತಾಯಿಯ ವಿಳಾಸ ಎಂಬ ಅಂಕಣದಲ್ಲಿ ಕೊಚ್ಚಿಯ ಬಾಡಿಗೆ ಕೋಣೆ. ಅದರ ಪಕ್ಕದ ಕಾಯಂ ವಿಳಾಸದಲ್ಲಿ ಮಾತ್ರ ಕಡಮತ್. ನನ್ನ ಪಟ್ಟಿಯಲ್ಲಿದ್ದ ಅಸಂಗತಿಯ ಕಾರಣ ಆ ಒಂದು ಹಾಳೆಯ ಮೇಲೆ ಪೂರ್ತಿಯಾಗಿ ಬರೆದಿತ್ತು.

1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವೂ ಮರಣವೂ ನಡೆದ ಸ್ಥಳದಲ್ಲಿ ದಾಖಲಾಗಬೇಕು. ಕ್ಲಿಷ್ಟ ಹೆರಿಗೆಗಳನ್ನು, ಸ್ಥಿತಿ ಗಂಭೀರವಾದ ರೋಗಿಗಳನ್ನು ಹೆಲಿಕಾಪ್ಟರಿನಲ್ಲಿಯೋ ಹಡಗಿನಲ್ಲಿಯೋ ಕೊಚ್ಚಿಗೆ ಸಾಗಿಸುವ ದ್ವೀಪಗಳಿಗೆ ಈ ನಿಯಮದ ಪರಿಣಾಮ ದೊಡ್ಡದು. ಅದು ಎಷ್ಟೆಂದು ತಿಳಿಯಲು ನಾನು ಕಾಗದದ ಮೇಲೆ ಒಂದು ಲೆಕ್ಕ ಹಾಕಿದೆ. ಇದರಲ್ಲಿರುವ ಅಂಕಿಗಳು ಊಹೆಯವು, ವಿಧಾನ ತೋರಿಸಲು ಮಾತ್ರ. 65,000 ಜನರಲ್ಲಿ ಸಾವಿರಕ್ಕೆ 15ರಂತೆ ವರ್ಷಕ್ಕೆ 975 ಮಕ್ಕಳು ಹುಟ್ಟುತ್ತಾರೆ ಎನ್ನೋಣ. ಅವರಲ್ಲಿ 300 ಮಕ್ಕಳು ಕೊಚ್ಚಿಯಲ್ಲಿ ಹುಟ್ಟಿದರೆ ದ್ವೀಪಗಳಲ್ಲಿ ನೋಂದಣಿಯಾಗುವುದು 675. ಜನನ ದರ ಸಾವಿರಕ್ಕೆ 15ರಿಂದ ಸುಮಾರು 10ಕ್ಕೆ ಇಳಿದಂತೆ ಕಾಣುತ್ತದೆ. ಇನ್ನು ಶಿಶು ಮರಣ. ಒಂದು ವರ್ಷ ತುಂಬುವ ಮೊದಲೇ 12 ಶಿಶುಗಳು ತೀರಿಕೊಂಡವು, ಅವುಗಳಲ್ಲಿ 8 ಕೊಚ್ಚಿಯ ಆಸ್ಪತ್ರೆಗಳಲ್ಲಿ ಎಂದುಕೊಂಡರೆ, ದ್ವೀಪದ ನೋಂದಣಿಯ ಪ್ರಕಾರ ದರ 675ಕ್ಕೆ 4, ಅಂದರೆ ಸಾವಿರಕ್ಕೆ ಸುಮಾರು 6. ತಾಯಂದಿರ ವಾಸಸ್ಥಳ ಹಿಡಿದು ಲೆಕ್ಕ ಹಾಕಿದರೆ 975ಕ್ಕೆ 12, ಅಂದರೆ ಸಾವಿರಕ್ಕೆ 12ಕ್ಕಿಂತ ಸ್ವಲ್ಪ ಹೆಚ್ಚು. ಅತಿ ಅಪಾಯದಲ್ಲಿರುವ ಶಿಶುಗಳನ್ನೇ ಹೊರಗೆ ಕಳಿಸುವುದರಿಂದ ಮರಣಗಳು ಜನನಗಳಿಗಿಂತ ಹೆಚ್ಚಿನ ಪ್ರಮಾಣದಲ್ಲಿ ಹೊರಗೆ ದಾಖಲಾಗುತ್ತವೆ, ಹಾಗಾಗಿ ದ್ವೀಪ ವಾಸ್ತವಕ್ಕಿಂತ ಸುರಕ್ಷಿತವಾಗಿ ಕಾಣುತ್ತದೆ. ಆ 300 ಜನನಗಳು ಎರ್ನಾಕುಳಂನ ದೊಡ್ಡ ಮೊತ್ತದಲ್ಲಿ ಕರಗಿಹೋಗುವುದರಿಂದ ಅಲ್ಲಿ ಯಾರ ಗಮನಕ್ಕೂ ಬರುವುದಿಲ್ಲ.

ಇದಕ್ಕೆ ಪರಿಹಾರ ಜನನ ವರದಿಯ ನಮೂನೆಯಲ್ಲಿಯೇ ಇದೆ. ಅದರ ಅಂಕಿಅಂಶ ಭಾಗದಲ್ಲಿ ತಾಯಿ ಸಾಮಾನ್ಯವಾಗಿ ವಾಸಿಸುವ ಊರನ್ನು ಕೇಳಲಾಗುತ್ತದೆ. ಆ ಅಂಕಣವನ್ನು ಸರಿಯಾಗಿ ತುಂಬಿ ವಾಸಸ್ಥಳವಾರು ಪಟ್ಟಿ ಮಾಡಿದರೆ ಮಕ್ಕಳು ತಮ್ಮ ದ್ವೀಪಕ್ಕೆ ಮರಳುತ್ತಾರೆ. ಆಸ್ಪತ್ರೆಯ ಕೌಂಟರಿನಲ್ಲಿ ಅವಸರದಿಂದ ಬಾಡಿಗೆ ಕೋಣೆಯ ವಿಳಾಸವನ್ನೇ ಬರೆದರೆ ಆ ದಾರಿಯೂ ಮುಚ್ಚುತ್ತದೆ. ಮನೆಮನೆಗೆ ಹೋಗಿ ಸಾಮಾನ್ಯ ನಿವಾಸಿಗಳನ್ನು ಲೆಕ್ಕಿಸುವ ಎಸ್‌ಆರ್‌ಎಸ್ ಸಮೀಕ್ಷೆಗೆ ಈ ತೊಂದರೆ ಕಡಿಮೆ. ಆದರೆ ಅದರ ಮಾದರಿ ಇಲ್ಲಿ ತೀರ ಚಿಕ್ಕದು, ಆದ್ದರಿಂದಲೇ ಸಣ್ಣ ಪ್ರದೇಶಗಳ ಶಿಶು ಮರಣ ದರವನ್ನು ಮೂರು ವರ್ಷಗಳ ಅವಧಿಗೆ ಸೇರಿಸಿ ಕೊಡುತ್ತಾರೆ. ಅದನ್ನು ಕೇರಳದ ಒಂದು ವರ್ಷದ ದರದ ಪಕ್ಕದಲ್ಲಿ ಇಡುವಾಗ ನಾನು ಅವಧಿಯನ್ನು ತಪ್ಪದೆ ಬರೆಯುತ್ತೇನೆ.

ಹುಟ್ಟಿದ ಸ್ಥಳದ ಈ ಪ್ರಶ್ನೆ ಪಟ್ಟಿಗಳಾಚೆಗೂ ಹೋಗಿತ್ತು. ಲಕ್ಷದ್ವೀಪದಲ್ಲಿ ಪರಿಶಿಷ್ಟ ಪಂಗಡದವರು ಎಂದರೆ ತಾವೂ, ತಂದೆತಾಯಿ ಇಬ್ಬರೂ ಈ ದ್ವೀಪಗಳಲ್ಲಿ ಹುಟ್ಟಿದ ನಿವಾಸಿಗಳು ಎಂಬ ವ್ಯಾಖ್ಯೆ ಇದೆ. ಪಂಗಡದ ಹೆಸರಿನಿಂದಲ್ಲ, ಹುಟ್ಟಿನಿಂದ ಗುರುತು. 2011ರಲ್ಲಿ ಜನಸಂಖ್ಯೆಯ 94.8 ಶೇಕಡಾ ಈ ವರ್ಗದವರು. ಅಕ್ಷರಶಃ ಓದಿದರೆ ಕೊಚ್ಚಿಯ ಆಸ್ಪತ್ರೆಯಲ್ಲಿ ಹುಟ್ಟಿದ ಮಗು ಇದರಿಂದ ಹೊರಗುಳಿಯುತ್ತಿತ್ತು. ಮುಖ್ಯಭೂಮಿಯಲ್ಲಿ ಹುಟ್ಟಿ ದ್ವೀಪದಲ್ಲಿ ಕಾಯಂ ನೆಲೆಸುವ ಮಕ್ಕಳನ್ನೂ ಅಲ್ಲಿಯೇ ಹುಟ್ಟಿದವರೆಂದು ಪರಿಗಣಿಸಲು 2008ರ ತಿದ್ದುಪಡಿ ಕಾಯ್ದೆ ಬೇಕಾಯಿತು. ಒಂದು ನೋಂದಣಿ ನಿಯಮವೂ ಒಂದು ಆಸ್ಪತ್ರೆಯ ದೂರವೂ ಸೇರಿ ಸಂಸತ್ತಿನವರೆಗೆ ಹೋದದ್ದನ್ನು ತಿಳಿದ ಮೇಲೆ ನಾನು ಆ ಪ್ರಮಾಣಪತ್ರದ ಎರಡು ವಿಳಾಸಗಳನ್ನು ಹಗುರವಾಗಿ ನೋಡಿಲ್ಲ.

ಹೋಲಿಕೆಯ ವಿಷಯದಲ್ಲಿ ಎರಡು ಮಾತು. 2011ರ ತಾತ್ಕಾಲಿಕ ವರದಿಯಲ್ಲಿ ಲಕ್ಷದ್ವೀಪದ ಜನಸಾಂದ್ರತೆ ಚದರ ಕಿಲೋಮೀಟರಿಗೆ 2,013 ಇತ್ತು, ಅಂತಿಮ ವರದಿಯಲ್ಲಿ 2,149 ಆಯಿತು. ಜನರು ಹೆಚ್ಚಿದ್ದು 64,429ರಿಂದ 64,473ಕ್ಕೆ, ಕೇವಲ 44. ವಿಸ್ತೀರ್ಣವನ್ನು 32ರ ಬದಲು 30 ಚದರ ಕಿಲೋಮೀಟರ್ ಎಂದು ಹಿಡಿದದ್ದೇ ವ್ಯತ್ಯಾಸಕ್ಕೆ ಕಾರಣ. ಇಂಥ ಅಂಕಿಯನ್ನು ಕಾಡು ಬೆಟ್ಟಗಳೂ ಸೇರಿದ ಕೇರಳದ 860ರ ಜೊತೆ ಹೋಲಿಸುವುದರಿಂದ ಏನೂ ತಿಳಿಯುವುದಿಲ್ಲ. ಕರಾವಳಿಯ ಒಂದು ಪಂಚಾಯಿತಿಯೊಡನೆ ಹೋಲಿಸಬೇಕು.

ನಗರವಾಸಿಗಳ ಪ್ರಮಾಣವೂ ಹಾಗೆಯೇ. 2001ರಲ್ಲಿ 44.46 ಶೇಕಡಾ ಇದ್ದದ್ದು 2011ರಲ್ಲಿ 78.07ಕ್ಕೆ ಏರಿತು, ಕೇರಳದ 47.7ನ್ನು ದಾಟಿತು. ಆದರೆ ಅಲ್ಲಿ ಒಂದು ಪುರಸಭೆಯೂ ಇಲ್ಲ. ಜನಸಂಖ್ಯೆ 5,000, ಸಾಂದ್ರತೆ ಚದರ ಕಿಲೋಮೀಟರಿಗೆ 400, ದುಡಿಯುವ ಗಂಡಸರಲ್ಲಿ ನಾಲ್ಕನೇ ಮೂರು ಭಾಗದಷ್ಟು ಕೃಷಿಯೇತರ ಕೆಲಸದಲ್ಲಿ, ಈ ಅಳತೆಗಳಿಂದ ಗ್ರಾಮವನ್ನು ಗಣತಿ ಪಟ್ಟಣವೆಂದು ವರ್ಗೀಕರಿಸುತ್ತಾರೆ. ಸಾಂದ್ರತೆ ಹೇಗೂ ಹೆಚ್ಚಿರುವ, ಸರ್ಕಾರಿ ನೌಕರಿ ಮುಖ್ಯವಾಗಿರುವ ದ್ವೀಪ ಈ ಗೆರೆಯನ್ನು ದಾಟಿದರೆ ಇಡೀ ದ್ವೀಪದ ಜನ ಒಂದೇ ಸಲ ನಗರವಾಸಿಗಳಾಗುತ್ತಾರೆ. ನನ್ನ ಪಟ್ಟಿಯಲ್ಲಿ ಈ ಅಂಕಿಯ ಕೆಳಗೆ “ವರ್ಗೀಕರಣದ ಬದಲಾವಣೆ” ಎಂದು ಬರೆದಿದ್ದೇನೆ.

ತಲಾ ಆದಾಯದ ಅಂಕಣ ಮಾತ್ರ ಖಾಲಿ. ರಾಜ್ಯವಾರು ದೇಶೀಯ ಉತ್ಪನ್ನದ ಅಧಿಕೃತ ಪಟ್ಟಿಗಳಲ್ಲಿ ಲಕ್ಷದ್ವೀಪಕ್ಕೆ ಅಂದಾಜು ಸಿಗುವುದಿಲ್ಲ. ಕೇರಳದ ಅಂಕಿಯನ್ನು ಅಲ್ಲಿ ತುಂಬಿಸಿಬಿಡಿ ಎಂದು ಸಹೋದ್ಯೋಗಿಯೊಬ್ಬರು ಸೂಚಿಸಿದರು. ಗಲ್ಫ್ ಹಣ, ರಬ್ಬರ್ ತೋಟಗಳು, ದೊಡ್ಡ ನಗರಗಳ ವ್ಯಾಪಾರದಿಂದ ನಡೆಯುವ ರಾಜ್ಯದ ಸರಾಸರಿಯನ್ನು ಕೊಬ್ಬರಿ, ಸೂರೆ ಮೀನು ಮತ್ತು ಸರ್ಕಾರಿ ಸಂಬಳದಿಂದ ನಡೆಯುವ ದ್ವೀಪಗಳ ಹೆಸರಿನಲ್ಲಿ ಬರೆಯಲು ನಾನು ಒಪ್ಪಲಿಲ್ಲ. ಆ ಕೋಶದಲ್ಲಿ ಸೊನ್ನೆಯೂ ಇಲ್ಲ, ಕೇರಳವೂ ಇಲ್ಲ. “ಅಂದಾಜು ಮಾಡಿಲ್ಲ” ಎಂಬ ಎರಡು ಪದಗಳಿವೆ.